ಅಕ್ಕನ ಎಡಗೈಗೊಂದು ಪಾಠ

ನನ್ನ ಅಕ್ಕ ತಲೆಗೆ ಹೂ ಮುಡಿಸುವಾಗ ಕೂದಲನ್ನು ಜಗ್ಗುತ್ತಾಳೆ. ಎಡಗೈಯಲ್ಲಿ ಜಡೆಯ ಬುಡವನ್ನು ಗಟ್ಟಿಯಾಗಿ ಹಿಡಿದು ಬಲಗೈಯಿಂದ ಪಿನ್ನು ಸಿಕ್ಕಿಸುವುದು ಅವಳ ಕ್ರಮ. ಆ ಹಿಡಿತಕ್ಕೆ ಕಣ್ಣಲ್ಲಿ ನೀರು ಬರಬೇಕು. ಧಾರವಾಡದಲ್ಲಿ ಲಂಗ ಹಾಕಿಕೊಳ್ಳುವ ಕಾಲದಿಂದ ನಾನು ಬೈಯುತ್ತ ಬಂದಿದ್ದೇನೆ, ಅವಳು ಕೇಳದೆ ಬಂದಿದ್ದಾಳೆ. ಇಬ್ಬರೂ ಮದುವೆಯಾಗಿ ಮುಂಬಯಿಗೆ ಬಂದೆವು. ಅವಳು ಮಾಟುಂಗ, ನಾನು ವಿಲೆ ಪಾರ್ಲೆ. ಅವಳ ಮನೆಯಿಂದ ನಾನು ಬರಿದಲೆಯಲ್ಲಿ ಹೊರಟದ್ದೇ ಇಲ್ಲ. ಅರವತ್ತು ದಾಟಿದವಳಿಗೆ ಯಾಕೇ ಇಷ್ಟು ಮಲ್ಲಿಗೆ, ಲೋಕಲ್‌ನಲ್ಲಿ ಜನ ನಗುತ್ತಾರೆ ಎಂದರೆ, ‘ನಗಲಿ ತಗೋ, ನಗಾಕ ಏನ್ ರೊಕ್ಕ ಕೊಡಬೇಕ?’ ಎನ್ನುತ್ತಿದ್ದಳು.

ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ದೇವರ ದಯೆ, ಮಾತು ಹೋಗಲಿಲ್ಲ. ಕಾಲು ಎಳೆಯುತ್ತಲಾದರೂ ನಡೆದಾಡಿದಳು. ಆದರೆ ಎಡಗೈ ಮಡಿಲಲ್ಲಿ ಬಿದ್ದುಕೊಂಡುಬಿಟ್ಟಿತು. ಬೆರಳು ಸ್ವಲ್ಪ ಆಡುತ್ತಿದ್ದವು, ಆದರೂ ಅವಳು ಆಡಿಸುತ್ತಿರಲಿಲ್ಲ. ಬಲಗೈ ಸರಿಯಾಗಿಯೇ ಇತ್ತಲ್ಲ, ಉಣ್ಣುವುದು, ಫೋನು ಒತ್ತುವುದು, ಸೊಸೆಗೆ ಬೆರಳು ತೋರಿಸಿ ಕೆಲಸ ಹೇಳುವುದು ಎಲ್ಲ ಅದರಲ್ಲೇ ನಡೆಯುತ್ತಿತ್ತು. ಫಿಸಿಯೋಥೆರಪಿಯವರು ಎಚ್ಚರಿಸಿದ್ದರು: ಮೊದಲ ತಿಂಗಳುಗಳು ಮುಖ್ಯ, ಬಳಸದ ಕೈ ತನ್ನ ಕೆಲಸವನ್ನೇ ಮರೆಯುತ್ತದೆ, ಆಮೇಲೆ ನೆನಪಿಸುವುದು ಬಹಳ ಕಷ್ಟ. ಅಕ್ಕ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂರತೊಡಗಿದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ನೋಡದಿರಲೂ ಆಗುತ್ತಿರಲಿಲ್ಲ.

ಆ ಹೊತ್ತಿಗೆ ನಾನು ಮಾಡುತ್ತಿದ್ದ ಕೆಲಸವೂ ಇಂಥ ಕೈಗಳದೇ ಆಗಿತ್ತು. ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದ ಮೇಲೆ ಫೋರ್ಟ್‌ನ ಒಂದು ಸಣ್ಣ ಆಫೀಸಿನಲ್ಲಿ ಅನುವಾದಕ್ಕೆ ಸೇರಿದ್ದೆ. ಆಫೀಸಿನ ಒಡತಿ ಉಡುಪಿ ಕಡೆಯ ಹೋಟೆಲಿನವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಹೊರದೇಶದಲ್ಲಿ ಚೆನ್ನಾಗಿ ನಡೆಯುತ್ತಿರುವ ಕೋರ್ಸು, ಆ್ಯಪುಗಳನ್ನು ಲೈಸೆನ್ಸ್ ಪಡೆದು ಮರಾಠಿ, ಗುಜರಾತಿ, ಹಿಂದಿ, ಕನ್ನಡಕ್ಕೆ ತರುವುದು ಅವಳ ಕಸುಬು. ಅಂಥ ಒಂದು ಆ್ಯಪು ಲಕ್ವಾ ಹೊಡೆದವರ ಕೈಗೆ ಮನೆಯಲ್ಲೇ ಅಭ್ಯಾಸ ಮಾಡಿಸುವಂಥದು. ಶುರುವಿನಲ್ಲಿ ಯಾವ ಕೈ ಸೋತಿದೆ ಎಂದು ಕೇಳುತ್ತದೆ. ಆಮೇಲೆ ದಿನಕ್ಕೊಂದು ಪಾಠ. ವಿಡಿಯೋದಲ್ಲಿ ತೋರಿಸಿದ ಕೆಲಸವನ್ನು ಸೋತ ಕೈಯಿಂದ ಮತ್ತೆ ಮತ್ತೆ ಮಾಡಬೇಕು. ಒಂದು ಪಾಠ ಮುಗಿಸದೆ ಮುಂದಿನದು ತೆರೆಯುವುದಿಲ್ಲ.

ಕೆಲಸ ಸಿಕ್ಕಿದಾಗ ಬರೀ ಇಂಗ್ಲಿಷ್ ವಾಕ್ಯವನ್ನು ಕನ್ನಡ ಮಾಡುವುದು ಎಂದುಕೊಂಡಿದ್ದೆ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ವಾಕ್ಯ ಇದರಲ್ಲಿ ಕಾಲುಭಾಗವೂ ಅಲ್ಲ. ಬಟನ್ನಿನೊಳಗೆ ಕನ್ನಡ ಹಿಡಿಸುತ್ತಿರಲಿಲ್ಲ, ಅರ್ಧ ಪದ ಹೊರಗೆ ಜೋತುಬೀಳುತ್ತಿತ್ತು. ನಾಯಿಯ ಬೆಲ್ಟನ್ನು ಕೊಕ್ಕೆಗೆ ಸಿಕ್ಕಿಸುವ ಪಾಠವಿತ್ತು, ಬೀಗ ತೆಗೆಯುವುದಾಗಿ ಬದಲಿಸಿದೆವು. ಗಾಲ್ಫ್ ಚೆಂಡು ನಿಂಬೆಹಣ್ಣಾಯಿತು. ಮುಳ್ಳುಚಮಚದ ಊಟ ಅನ್ನ ಸಾರಿನ ಊಟವಾಯಿತು. ಪ್ರತಿ ಬದಲಾವಣೆಯನ್ನೂ ಹೊರದೇಶದ ಕಂಪನಿಯ ಥೆರಪಿಸ್ಟ್ ಒಪ್ಪಬೇಕು. ಈ ಕೆಲಸದಲ್ಲಿ ಹಳೆಯದರಲ್ಲಿದ್ದ ಚಲನೆಯೇ ಇದೆಯೋ, ಬೆರಳು ಚಿವುಟುವ ಹಾಗೆ ಕೂಡುತ್ತವೆಯೋ, ಮಣಿಕಟ್ಟು ತಿರುಗುತ್ತದೆಯೋ ಎಂದು ಅವರು ಬರೆದು ಕೇಳುತ್ತಿದ್ದರು. ನಾನು ಮೇಜಿನ ಮೇಲೆ ಖಾಲಿ ಕೈಯಲ್ಲೇ ಅನ್ನ ಕಲಸಿ ನೋಡಿ ಉತ್ತರ ಬರೆಯುತ್ತಿದ್ದೆ. ಪಕ್ಕದ ಮರಾಠಿ ಮೇಜಿನವರು ‘ಟೀಚರ್‌ಬಾಯಿ, ಮೀಠ ಸರಿ ಇದೆಯಾ?’ ಎಂದು ಉಪ್ಪಿಗೆ ಮರಾಠಿಯನ್ನೇ ಹಾಕಿ, ಅವರಿಗೆ ಬರುವಷ್ಟು ಕನ್ನಡದಲ್ಲಿ ಛೇಡಿಸುತ್ತಿದ್ದರು.

ವಿಡಿಯೋಗಳನ್ನು ಹೊಸದಾಗಿ ಇಲ್ಲೇ ತೆಗೆದೆವು. ಅಚ್ಚುಕಟ್ಟಾಗಿ ಸೀರೆಯುಟ್ಟ ಒಬ್ಬ ಹೆಂಗಸು, ನಮ್ಮಂಥದೇ ಅಡಿಗೆಮನೆ, ಸ್ಟೀಲಿನ ತಟ್ಟೆ. ನೋಡಿದವರೆಲ್ಲ ನಮ್ಮ ಮನೆಯ ಹಾಗೇ ಇದೆ ಎಂದರು. ಒಡತಿಗೆ ಹೆಮ್ಮೆಯೋ ಹೆಮ್ಮೆ. ಎಲ್ಲ ಭಾಷೆಗಳಿಗೂ ಅದೇ ಚಿತ್ರ, ದನಿ ಮಾತ್ರ ಬೇರೆ. ಕನ್ನಡದ ದನಿಗೆ ಸ್ಟುಡಿಯೋದಲ್ಲಿ ಕೂತು ನಾನೇ ಪಕ್ಕದಿಂದ ತಿದ್ದಿದೆ.

ಪರೀಕ್ಷೆಗೆ ನಿಜವಾದ ರೋಗಿಗಳು ಬೇಕಾದಾಗ ನಾನು ಅಕ್ಕನ ಹೆಸರು ಕೊಟ್ಟೆ. ನನ್ನ ಕೆಲಸ ಚೆನ್ನಾಗಲಿ ಅಂತಲ್ಲ. ಅವಳ ಕೈ ಸೆರಗಿನಿಂದ ಹೊರಗೆ ಬರಲಿ ಎಂದು.

ಮೊದಲ ವಾರ ಬಹಳ ಚಂದ ಹೋಯಿತು. ನಿಂಬೆಹಣ್ಣು ಒತ್ತಿದಳು, ಬಟ್ಟೆಯಿಂದ ಮೇಜು ಒರೆಸಿದಳು. ಅವಳ ತಕರಾರು ಒಂದೇ, ಅದು ಹೊಗಳಿಕೆಯ ಬಗ್ಗೆ. ಇಂಗ್ಲಿಷಿನಲ್ಲಿ ಇದ್ದಂತೆ ನಾವೂ ಪ್ರತಿ ಸಲ ‘ಅದ್ಭುತ, ನೀವು ಗೆದ್ದಿರಿ’ ಎಂದು ಹಾಕಿದ್ದೆವು.

‘ಮೇಜು ಒರಸೀದ್ರ ಅದರಾಗೇನ್ ಅದ್ಭುತ?’ ಎಂದಳು ಅಕ್ಕ. ‘ಕೂಸಿಗೆ ಹೇಳಿದ್ಹಂಗ ಹೇಳತದ. ಮುಚ್ಚಕೊಂಡು ಮುಂದಿಂದು ಹೇಳು ಅನ್ನು ಅದಕ್ಕ.’

ನಾನು ಆಫೀಸಿನಲ್ಲಿ ಹೇಳಿ ಅದನ್ನು ‘ಆಯಿತು, ಇನ್ನು ಮುಂದಿನದು’ ಎಂದು ಮಾಡಿಸಿದೆ. ಮರಾಠಿಯವರೂ ಹಾಗೇ ಮಾಡಿದರು.

ಆಮೇಲೆ ಅಕ್ಕ ನಿಂತುಬಿಟ್ಟಳು. ಊಟದ ಪಾಠದ ಹತ್ತಿರ ಬಂದವಳು ಫೋನನ್ನು ಸೊಸೆಯ ಕೈಗೆ ಕೊಟ್ಟು ಚಾರ್ಜಿಗೆ ಹಾಕು ಅಂದಳಂತೆ, ಮತ್ತೆ ಮುಟ್ಟಲಿಲ್ಲ. ನಾನು ಫೋನಿನಲ್ಲಿ ಕೇಳಿದರೆ ‘ನಾಳೆ ಮಾಡತೀನಿ’ ಎನ್ನುತ್ತಿದ್ದಳು. ನಾಳೆ ಬರಲೇ ಇಲ್ಲ.

ಆಫೀಸಿನ ಪರದೆಯಲ್ಲಿ ಎಲ್ಲ ರೋಗಿಗಳೂ ಎಲ್ಲಿದ್ದಾರೆ ಎಂದು ಕಾಣುತ್ತಿತ್ತು. ಒಡತಿ ಒಂದು ಮಧ್ಯಾಹ್ನ ನನ್ನನ್ನು ಕರೆದು ತೋರಿಸಿದಳು. ಬಲಗೈ ಸೋತವರು ಮುಂದೆ ಮುಂದೆ ಹೋಗಿದ್ದರು. ಎಡಗೈ ಸೋತವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದೇ ಊಟದ ಪಾಠದಲ್ಲಿ ಕೂತಿದ್ದರು. ಕನ್ನಡದವರು ಮಾತ್ರವಲ್ಲ, ಎಲ್ಲ ಭಾಷೆಯವರೂ.

‘ಟೀಚರ್, ಆ ಕಂಪನಿಯವರನ್ನ ಕೇಳಿದೆ,’ ಎಂದಳು. ‘ಲೆಫ್ಟ್ ಹ್ಯಾಂಡ್ ಹೋದವರದ್ದು ಬ್ರೇನ್‌ದು ರೈಟ್ ಸೈಡ್ ಹೋಗಿರ್ತದಲ್ಲ, ಅವರಿಗೆ ಧ್ಯಾನ್ ಕಮ್ಮಿ ಆಗ್ತದಂತೆ. ಬೇಗ ಬಿಟ್ಟುಬಿಡ್ತಾರಂತೆ. ಆಗ್ತದೆ ಅಂದ್ರು, ನಾರ್ಮಲ್.’

ಮಾತು ಸುಳ್ಳಾಗಿರಲಿಲ್ಲ. ಮೆದುಳಿನ ಆ ಭಾಗಕ್ಕೆ ಏಟಾದವರಲ್ಲಿ ಕೆಲವರಿಗೆ ಗಮನ ಚದುರುತ್ತದೆ, ಎಡಗಡೆಯೊಂದಿದೆ ಎಂಬುದೇ ಮರೆಯುತ್ತದೆ ಎಂದು ನಾನೇ ಆ ಆ್ಯಪಿನ ಟಿಪ್ಪಣಿಯಲ್ಲಿ ಅನುವಾದ ಮಾಡಿದ್ದೆ. ಅದಕ್ಕೇ ನನಗೆ ಹೆದರಿಕೆಯಾಯಿತು. ಅಕ್ಕನ ಕೈಯ ಜೊತೆಗೆ ಅವಳ ತಲೆಯೂ ನಿಧಾನಕ್ಕೆ ಕೈಬಿಟ್ಟು ಹೋಗುತ್ತಿದೆಯೇ ಎಂದು ಚರ್ಚ್‌ಗೇಟಿನವರೆಗೆ ನಡೆಯುತ್ತ ಅದನ್ನೇ ಯೋಚಿಸಿದೆ. ಸೀಟು ಸಿಕ್ಕಿತು, ಕೂತೆ. ಪಾರ್ಲೆಯವರೆಗೆ ಹೋಗುವ ಮನಸ್ಸಾಗದೆ ಮಾಟುಂಗ ರೋಡಿನಲ್ಲಿ ಇಳಿದು, ಸೇತುವೆ ದಾಟಿ ಅಕ್ಕನ ಬಿಲ್ಡಿಂಗಿಗೆ ಹೋದೆ.

ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಸೊಸೆ ಚಹಾ ತಂದಳು. ಅಕ್ಕ ಕಪ್ಪನ್ನು ನೋಡಿದವಳೇ ಸೊಸೆಗೆ, ‘ಇದು ಮೂರನೇ ಮನಿಯವರ ಕಪ್ ಅಲ್ಲಾ, ಇನ್ನೂ ವಾಪಸ್ ಕೊಟ್ಟಿಲ್ಲೇನ?’ ಎಂದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇವಳ ಗಮನ ಚದುರಿದ್ದರೆ ನನ್ನದು ಎಂದೋ ಗಾಳಿಗೆ ಹೋಗಿರಬೇಕು ಅನ್ನಿಸಿತು. ಫೋನು ತರಿಸಿ ಅವಳೆದುರು ಊಟದ ಪಾಠ ಹಚ್ಚಿದೆ.

‘ಯಾಕ ಮಾಡವಲ್ಲೀ ಇದನ್ನ? ಖರೇ ಹೇಳು.’

ಅಕ್ಕ ಮುಖ ತಿರುಗಿಸಿದಳು. ‘ಇಕಿ ಯಾರ ಮನಿ ಹೆಣ್ಮಗಳ ಮೊದ್ಲ ಹೇಳು. ಸೆರಗು ಬಲಗಡೆ ಹಾಕ್ಕೊಂಡಾಳ. ಗುಜರಾತಿ ಮಂದಿಗತೆ ಮುಂದೂ ಇಲ್ಲ, ನಮ್ಮಗತೆ ಎಡಕ್ಕೂ ಇಲ್ಲ. ಹೋಗ್ಲಿ ಬಿಡು ಅಂದ್ರ, ಎಡಗೈಲೆ ಅನ್ನ ಕಲಸಿ ಉಣ್ಣಲಿಕ್ಕತ್ತಾಳ. ನಾನೂ ಹಂಗ ಉಣ್ಣಬೇಕಂತ. ಬ್ಯಾನಿ ಬಂದದ ಅಂತ ಬುದ್ಧಿನೂ ಬಿಡಬೇಕೇನ?’

ನಾನು ಪರದೆಯನ್ನು ನೋಡಿದೆ. ಎಷ್ಟೋ ಸಲ ನೋಡಿದ ವಿಡಿಯೋ. ಆದರೆ ಆಫೀಸಿನಲ್ಲಿ ನಾವು ನೋಡುತ್ತಿದ್ದದ್ದು ಬಲಗೈ ಸೋತವರಿಗೆ ತೋರಿಸುವುದನ್ನು, ಚಿತ್ರ ತೆಗೆದದ್ದು ಹಾಗೆಯೇ. ಎಡಗೈಯವರಿಗೆ ಬೇರೆ ಚಿತ್ರ ತೆಗೆಯುವುದೇ ಇಲ್ಲ. ಆ್ಯಪು ಅದೇ ಚಿತ್ರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುವಿ ತೋರಿಸುತ್ತದೆ, ಬಲಗೈ ಎಡಗೈಯಾಗುತ್ತದೆ. ಅವರ ದೇಶದಲ್ಲಿ ಟೀಶರ್ಟು ಹಾಕಿದ ಗಂಡಸು ಚಮಚ ಹಿಡಿದು ತಿನ್ನುತ್ತಿದ್ದ, ತಿರುವಿದರೂ ಏನೂ ಕೆಡುತ್ತಿರಲಿಲ್ಲ. ನಾವು ಅವನನ್ನು ತೆಗೆದು ಸೀರೆಯುಟ್ಟವಳನ್ನು ಕೂರಿಸಿದೆವು, ಚಮಚ ತೆಗೆದು ಕೈತುತ್ತು ಕೊಟ್ಟೆವು. ನಮ್ಮ ಮನೆಯಂತೆ ಮಾಡಲು ಹೋಗಿ ನಮ್ಮ ಯಾರ ಮನೆಯಲ್ಲೂ ಇಲ್ಲದ್ದನ್ನು ಮಾಡಿಟ್ಟಿದ್ದೆವು. ಸೆರಗು ತಪ್ಪು ಹೆಗಲ ಮೇಲೆ, ತುತ್ತು ಎಡಗೈಯಲ್ಲಿ.

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕಳು, ಸೊಸೆಯೂ ನಕ್ಕಳು. ನಗು ನಿಂತ ಮೇಲೆ ಅಕ್ಕ ಸೆರಗಿನೊಳಗಿನ ಕೈಯನ್ನು ಬಲಗೈಯಿಂದ ಸವರುತ್ತ, ‘ಈ ಕೈಗೆ ಬ್ಯಾರೆ ಏನರೆ ಹೇಳು, ಮಾಡತೀನಿ. ಉಣ್ಣೂದು ಅದರ ಕೆಲಸ ಅಲ್ಲ’ ಎಂದಳು. ಆವತ್ತು ನಾನು ಬರಿದಲೆಯಲ್ಲೇ ಹೊರಟೆ. ಅವಳು ಬಾಗಿಲವರೆಗೆ ಬಂದು ನನ್ನ ಜಡೆಯನ್ನು ನೋಡಿ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಹೇಳಿದಾಗ ಒಡತಿ ವಿಡಿಯೋವನ್ನು ತಿರುವಿ ನೋಡಿದಳು, ಆಮೇಲೆ ಹಣೆ ಹಣೆ ಚಚ್ಚಿಕೊಂಡಳು. ‘ಅಯ್ಯೋ, ನನ್ನ ಅಜ್ಜಿ ನೋಡಿದ್ರೆ ಫೋನೇ ಒಡೆದು ಹಾಕ್ತಿದ್ರು. ನಾನು ಲೆಫ್ಟಿ ಗೊತ್ತುಂಟಾ ಟೀಚರ್? ಊಟಕ್ಕೆ ಕೂತಾಗ ಒಂದೊಂದು ಪೆಟ್ಟು ಬೀಳ್ತಿತ್ತು. ಮತ್ತೂ ನನಗೇ ಕಾಣ್ಲಿಲ್ಲ.’ ಮರಾಠಿ, ಗುಜರಾತಿ, ಹಿಂದಿಯವರೂ ಸುತ್ತ ನಿಂತು ನೋಡಿದರು. ಗಮನ ಚದುರಿದ್ದು ರೋಗಿಗಳದಲ್ಲ, ನಮ್ಮದು.

ಆದರೆ ಸರಿಪಡಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಕಂಪನಿಯ ಥೆರಪಿಸ್ಟ್ ಜೊತೆ ವಿಡಿಯೋ ಕಾಲ್ ಆಯಿತು. ಬಿಳಿ ಕೂದಲಿನ, ಮೆಲ್ಲಗೆ ಮಾತಾಡುವ ಹೆಂಗಸು. ಎಡಗೈಯವರಿಗೆ ಊಟದ ಪಾಠವನ್ನು ಸುಮ್ಮನೆ ಕಿತ್ತುಹಾಕೋಣ ಎಂದು ಒಡತಿ ಕೇಳಿದಳು. ಆಕೆ ಒಪ್ಪಲಿಲ್ಲ. ಆ ಪಾಠದಲ್ಲಿ ಬೆರಳು ಕೂಡುತ್ತವೆ, ಮಣಿಕಟ್ಟು ತಿರುಗುತ್ತದೆ, ಮೊಣಕೈ ಏಳುತ್ತದೆ, ಕಿತ್ತರೆ ಆ ಕೈಗೆ ಅದೆಲ್ಲ ತಪ್ಪುತ್ತದೆ ಎಂದಳು. ಕಂಪನಿಯ ನಿಯಮ ಸೋತ ಕೈಯೇ ಕೆಲಸ ಮಾಡಬೇಕು ಅಂತ. ನನಗೆ ಸಿಟ್ಟು ಬಂತು. ನನ್ನದು ಕನ್ನಡ ಶಾಲೆಯ ಟೀಚರಿನ ಇಂಗ್ಲಿಷ್, ಆದರೂ ಹೇಳಿಯೇಬಿಟ್ಟೆ: ನನ್ನ ಅಕ್ಕನ ಎಡಗೈ ಎಂದೂ ಉಂಡಿಲ್ಲ, ಇನ್ನು ಉಣ್ಣುವುದೂ ಇಲ್ಲ. ನಿಮ್ಮ ನಿಯಮ ಹಿಡಿದುಕೊಂಡು ಕೂತರೆ ಆ ಕೈ ಮಡಿಲಲ್ಲೇ ಇರುತ್ತದೆ.

ಒಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆ ಹೆಂಗಸು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ‘ಹಾಗಾದರೆ ನಿಮ್ಮ ಅಕ್ಕನ ಎಡಗೈ ಏನು ಕೆಲಸ ಮಾಡುತ್ತಿತ್ತು?’ ಎಂದು ಕೇಳಿದಳು.

ಬಲಗೈ ಏನು ಮಾಡುತ್ತದೆ ಎಂದು ಯಾರು ಕೇಳಿದರೂ ಹೇಳುತ್ತಿದ್ದೆ. ಎಡಗೈಯನ್ನು ನಾನು ಎಂದಾದರೂ ನೋಡಿದ್ದೆನೇ? ನೋಡಿ ಬರೆದು ಕಳಿಸುತ್ತೇನೆ ಎಂದೆ.

ಆವತ್ತಿನಿಂದ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನನಗೆ ಅದೇ ಕೆಲಸ. ಸಂಜೆಯ ಗಾಡಿಯಲ್ಲಿ ಮನೆಗೆ ಹೋಗುವ ಹೆಂಗಸರು ಸೀಟಿನಲ್ಲೇ ಚೀಲ ಬಿಚ್ಚಿ ತರಕಾರಿ ಸೋಸುತ್ತಾರೆ. ಎಡಗೈ ಅವರೆಕಾಯನ್ನು ಹಿಡಿದು ಒಂದೊಂದಾಗಿ ತಿರುಗಿಸಿ ಕೊಡುತ್ತದೆ, ಬಲಗೈ ಸುಲಿಯುತ್ತದೆ. ಎಡಗೈ ಮೆಂತೆಯ ಕಟ್ಟನ್ನು ಬಿಗಿಯಾಗಿ ಹಿಡಿಯುತ್ತದೆ, ಬಲಗೈ ಎಲೆ ಬಿಡಿಸುತ್ತದೆ. ಎಡಗೈ ಮಗುವಿನ ಗದ್ದ ಹಿಡಿಯುತ್ತದೆ, ಬಲಗೈ ಬಾಚುತ್ತದೆ. ಮನೆಯಲ್ಲಿ ನನ್ನವೇ ಕೈಗಳನ್ನು ನೋಡಿಕೊಂಡೆ. ಬಲಗೈ ಒಗ್ಗರಣೆ ತಿರುವುವಾಗ ಎಡಗೈ ಬಾಣಲೆಯ ಅಂಚಿನ ಮೇಲೆ ಇಕ್ಕಳ ಹಿಡಿದಿತ್ತು. ಒಂದು ಗಳಿಗೆಯೂ ಬಿಡುವಿಲ್ಲದ ಕೈ, ಯಾರೂ ಅದಕ್ಕೊಂದು ಒಳ್ಳೆಯ ಮಾತು ಹೇಳಿದ್ದಿಲ್ಲ. ನೋಡಿದ್ದನ್ನೆಲ್ಲ, ಯಾವ ಬೆರಳು ಹೇಗೆ ಕೂಡುತ್ತದೆ ಎಂಬುದರ ಸಮೇತ ಬರೆದು ಕಳಿಸಿದೆ. ಕೊನೆಯಲ್ಲಿ ಹೂ ಕಟ್ಟುವುದನ್ನು ಬರೆದೆ: ಎಡಗೈಯ ಬೆರಳುಗಳ ನಡುವೆ ದಾರ ಮತ್ತು ಹೂವಿನ ತೊಟ್ಟು, ಸಡಿಲಬಿಟ್ಟರೆ ಹೂ ಬೀಳುತ್ತದೆ, ಬಿಗಿ ಹಿಡಿದರೆ ತೊಟ್ಟು ಮುರಿಯುತ್ತದೆ, ಬಲಗೈ ಬರೀ ದಾರ ಸುತ್ತುತ್ತದೆ.

ಆ ಹೆಂಗಸಿನ ಉತ್ತರ ಬಂತು. ಹಿಡಿಯುವುದೂ ಕೆಲಸವೇ, ಎಡಗೈಗೆ ಅದೇ ನಿಜವಾದ ಕೆಲಸ, ಹಿಡಿತದ ಪಾಠಗಳಿಂದಲೇ ಬೇಕಾದ ಚಲನೆಗಳೆಲ್ಲ ಸಿಗುವಂತೆ ಜೋಡಿಸೋಣ ಎಂದು ಬರೆದಿದ್ದಳು. ಹೂವಿನ ಪಾಠ ಕಷ್ಟದ್ದು, ಅದನ್ನು ಹಂತಹಂತವಾಗಿ ಮಾಡಿ, ಮೊದಲು ಉಲ್ಲನ್ ದಾರ, ದೊಡ್ಡ ಹೂ, ಆಮೇಲೆ ಸಣ್ಣದು ಎಂಬ ಸಲಹೆಯೂ ಇತ್ತು. ಎಡಗೈಯವರಿಗೆ ಬೇರೆಯೇ ಚಿತ್ರ ತೆಗೆಯಲು ಕಂಪನಿ ಒಪ್ಪಿತು. ಒಡತಿಯ ಮನೆಯ ಅಡಿಗೆಮನೆಯಲ್ಲೇ ತೆಗೆದೆವು. ಸೆರಗು ಎಡ ಹೆಗಲ ಮೇಲಿದೆಯೇ ಎಂದು ನಾನು ಪ್ರತಿ ಸಲ ನೋಡಿದೆ. ಯಂತ್ರ ಈ ಚಿತ್ರಗಳನ್ನು ತಿರುವದ ಹಾಗೆ ಮಾಡಿಸಿ, ಫೋನಿನಲ್ಲಿ ನಾನೇ ಹಚ್ಚಿ ನೋಡಿದ ಮೇಲೆಯೇ ಹೊರಗೆ ಬಿಟ್ಟೆವು.

ಇದೆಲ್ಲ ಆಗುವಷ್ಟರಲ್ಲಿ ತಿಂಗಳುಗಳು ಹೋದವು. ಹೊಸ ಪಾಠಗಳನ್ನು ಅಕ್ಕನ ಫೋನಿಗೆ ಹಾಕುವಾಗ ನನಗೆ ಒಂದೇ ಹೆದರಿಕೆ. ಮರೆತ ಕೈಗೆ ನೆನಪಿಸುವುದು ಕಷ್ಟ ಎಂದು ಹೇಳಿದ್ದರಲ್ಲ, ತಡವಾಯಿತೇನೋ ಎಂದು. ಅಕ್ಕ ಮೊದಲು ವಿಡಿಯೋದ ಹೆಂಗಸನ್ನು ಮೇಲಿನಿಂದ ಕೆಳಗೆ ನೋಡಿದಳು. ‘ಈಗ ಮನಿತನಸ್ಥರ ಹೆಣ್ಮಗಳ ಹಂಗ ಕಾಣತಾಳ’ ಎಂದು ಒಪ್ಪಿಗೆ ಕೊಟ್ಟು, ಮೆಂತೆಯ ಕಟ್ಟನ್ನು ಎಡಗೈಗೆ ಸಿಕ್ಕಿಸಿಕೊಂಡಳು. ಕಟ್ಟು ಜಾರಿ ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು. ನಾನು ಕೈ ಹಾಕಲು ಹೋದರೆ ಬಲಗೈಯಿಂದ ನನ್ನ ಕೈ ತಳ್ಳಿದಳು.

ಸೊಸೆ ಹೇಳುವ ಪ್ರಕಾರ ಆಮೇಲೆ ಮನೆಯಲ್ಲಿ ಮೆಂತೆ ಪಲ್ಯ ಬಿಟ್ಟು ಬೇರೆ ಪಲ್ಯವೇ ಆಗಲಿಲ್ಲವಂತೆ. ಅಕ್ಕನ ಮಗ ಊಟಕ್ಕೆ ಕೂತು ‘ಇವತ್ತೂ ಮೆಂತೆನಾ?’ ಎಂದರೆ ಅಕ್ಕ, ‘ನನ್ನ ಔಷಧ ಅದ, ನೀ ಉಣ್ಣು’ ಎನ್ನುತ್ತಿದ್ದಳಂತೆ. ಹೂವಿನ ಪಾಠಕ್ಕೆ ಬಂದಾಗ ದೇವಸ್ಥಾನದ ಎದುರಿನ ಅಂಗಡಿಯಿಂದ ಚೆಂಡುಹೂ ತರಿಸಿದಳು. ಉಲ್ಲನ್ ದಾರದಲ್ಲಿ ಕಟ್ಟಿದ ಮೊದಲ ಮಾಲೆ ನೋಡಲು ಬಲು ಕೆಟ್ಟದಾಗಿತ್ತು. ಅಕ್ಕ ಅದನ್ನು ದೇವರಿಗೆ ಹಾಕದೆ ಬಾಗಿಲಿಗೆ ಕಟ್ಟಿಸಿದಳು, ಬಾಗಿಲು ಏನೂ ಅನ್ನುವುದಿಲ್ಲ ಎಂದಳು. ಆಫೀಸಿನ ಪರದೆಯಲ್ಲಿ ಎಡಗೈಯವರು ಒಬ್ಬೊಬ್ಬರಾಗಿ ಮುಂದೆ ಹೋಗತೊಡಗಿದ್ದರು. ಒಡತಿ ನನ್ನನ್ನು ಕರೆಕರೆದು ತೋರಿಸುತ್ತಿದ್ದಳು. ನಾನು ಅಕ್ಕನ ಗುರುತನ್ನಷ್ಟೇ ಹುಡುಕುತ್ತಿದ್ದೆ.

ಮೊನ್ನೆ ಶುಕ್ರವಾರ ಹೋದೆ. ಅಕ್ಕ ಕಿಟಕಿಯ ಹತ್ತಿರವೇ ಕೂತಿದ್ದಳು, ಮಡಿಲಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ಮಲ್ಲಿಗೆ. ಮಾಲೆ ಗೇಣುದ್ದ ಆಗಿತ್ತು, ಅಲ್ಲಲ್ಲಿ ತೊಟ್ಟು ಮುರಿದು ಸಂದು ಬಿದ್ದಿತ್ತು. ಎಡಗೈಯ ಬೆರಳು ನಡುಗುತ್ತಿದ್ದವು, ಆದರೆ ಹಿಡಿದಿದ್ದವು. ಬಹಳ ಚೆನ್ನಾಗಿ ಬಂದಿದೆಯಲ್ಲೇ ಎಂದೆ. ‘ಅದ್ಭುತ ಅನ್ನು ಇನ್ನ’ ಎಂದು ಅಣಕಿಸಿದಳು. ಚಹಾ ಕುಡಿದೆವು, ಸೊಸೆಯ ಮೇಲೆ ಸಣ್ಣಪುಟ್ಟ ದೂರು ಕೇಳಿದೆ, ಸೊಸೆ ಒಳಗೆ ಹೋಗಿ ನಿಂತು ಕೇಳಿಸಿಕೊಂಡಳು.

ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಕ್ಕ ಬೆನ್ನ ಹಿಂದೆ ಬಂದು ನಿಂತಳು. ಬಲಗೈಯಲ್ಲಿ ಮಾಲೆ, ಹಲ್ಲಿನಲ್ಲಿ ಪಿನ್ನು. ಆ್ಯಪಿನಲ್ಲಿ ಇಂಥ ಪಾಠವಿರಲಿಲ್ಲ, ನಾವು ಬರೆದೇ ಇರಲಿಲ್ಲ. ಅವಳ ಎಡಗೈ ನಿಧಾನಕ್ಕೆ ಮೇಲೆ ಬಂದು ನನ್ನ ಹೆಗಲಿಗೆ ತಾಗಿತು, ಅಲ್ಲೇ ಸ್ವಲ್ಪ ಸುಧಾರಿಸಿಕೊಂಡು ಜಡೆಯ ಬುಡ ಹುಡುಕಿ ಹಿಡಿಯಿತು.

‘ಸುಮ್ಮ ನಿಂದರು, ಅಲುಗಾಡಬ್ಯಾಡ,’ ಎಂದಳು ಪಿನ್ನು ಕಚ್ಚಿಕೊಂಡೇ.

ಜಗ್ಗಿದಳು. ಕಣ್ಣಲ್ಲಿ ನೀರು ಬಂತು. ಈ ಸಲ ನಾನು ಬೈಯಲಿಲ್ಲ.